ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಹೋಗುತ್ತಾ?

“ಸರ್, ಅಗ್ರಿಮೆಂಟ್‌ನಲ್ಲಿ ಲಾಕ್-ಇನ್ ಅಂತ ಇದೆ. ಮಧ್ಯದಲ್ಲಿ ಬಿಟ್ಟರೆ ದುಡ್ಡು ಹೋಗುತ್ತಾ?” ವಕೀಲರಿಗೆ, ಕಾನೂನು ಬಲ್ಲ ನೆಂಟರಿಗೆ ಇಂಥ ಪ್ರಶ್ನೆ ಬರುತ್ತಲೇ ಇರುತ್ತದೆ. ಕರಾರಿನಲ್ಲಿ ಏನು ಬರೆದಿದೆ ಎಂಬುದು ಇದರಲ್ಲಿಲ್ಲ. ಕೇಳುವವರು ಬಾಡಿಗೆದಾರರೋ, ಮನೆ ಮಾಲೀಕರೋ, ಫ್ಲ್ಯಾಟ್ ಕೊಳ್ಳುವವರೋ, ಕೆಲಸಕ್ಕೆ ಸೇರಿದವರೋ ಎಂಬುದೂ ಇಲ್ಲ. ಇಷ್ಟನ್ನೇ ನೆಚ್ಚಿಕೊಂಡು “ಹೋಗುತ್ತೆ” ಎಂದರೂ ತಪ್ಪಾಗಬಹುದು, “ಹೋಗಲ್ಲ” ಎಂದರೂ ತಪ್ಪಾಗಬಹುದು. ಯಾಕೆ ಎಂಬುದನ್ನು ಒಂದು ಲೆಕ್ಕದಲ್ಲೇ ನೋಡೋಣ.

ಒಂದೇ ಮನೆ, ಎರಡು ವಾಕ್ಯ

ಬೆಂಗಳೂರಿನಲ್ಲಿ ಒಂದು ಮನೆ. ತಿಂಗಳಿಗೆ 25,000 ರೂಪಾಯಿ ಬಾಡಿಗೆ, 1,50,000 ಅಡ್ವಾನ್ಸ್, ಹನ್ನೊಂದು ತಿಂಗಳ ಕರಾರು. ಬಾಡಿಗೆದಾರರಿಗೆ ಬೇರೆ ಊರಿಗೆ ವರ್ಗವಾಗಿ, ಏಳು ತಿಂಗಳು ಮುಗಿದ ಕೂಡಲೇ ಮನೆ ಖಾಲಿ ಮಾಡುತ್ತಾರೆ ಎಂದಿಟ್ಟುಕೊಳ್ಳಿ.

ಕರಾರಿನಲ್ಲಿರುವ ವಾಕ್ಯ ಹೀಗಿರಬಹುದು: “ಅವಧಿಗೆ ಮುಂಚೆ ಖಾಲಿ ಮಾಡಿದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುಂಗಡ ಹಣದಲ್ಲಿ ಹಿಡಿದುಕೊಂಡು ಉಳಿದ ಹಣವನ್ನು ಹಿಂದಿರುಗಿಸತಕ್ಕದ್ದು.” ಆಗ 25,000 ಕಳೆದು 1,25,000 ವಾಪಸ್ ಬರಬೇಕು.

ಅಥವಾ ಹೀಗಿರಬಹುದು: “ಅವಧಿಗೆ ಮುಂಚೆ ಖಾಲಿ ಮಾಡಿದಲ್ಲಿ ಉಳಿದ ಅವಧಿಯ ಬಾಡಿಗೆಯನ್ನು ಮುಂಗಡ ಹಣದಲ್ಲಿ ಹಿಡಿದುಕೊಳ್ಳತಕ್ಕದ್ದು.” ಉಳಿದದ್ದು ನಾಲ್ಕು ತಿಂಗಳು, ಅಂದರೆ ಒಂದು ಲಕ್ಷ. ಕೈಗೆ ಬರುವುದು 50,000. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ಇನ್ನೊಂದು ಷರತ್ತು ಮುಂದಿನ ಪುಟದಲ್ಲಿದ್ದರೆ ಅದೂ 25,000ಕ್ಕೆ ಇಳಿಯುತ್ತದೆ. ಎರಡು ಕರಾರಿನಲ್ಲೂ ಇರುವುದನ್ನು ಜನ “ಲಾಕ್-ಇನ್” ಎಂದೇ ಹೇಳುತ್ತಾರೆ. ಆದರೆ ಆ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವೇ 75,000 ರೂಪಾಯಿ.

ನೋಟಿಸ್ ಷರತ್ತನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. “ಉಭಯ ಪಕ್ಷದವರಲ್ಲಿ ಯಾರಾದರೂ ಎರಡು ತಿಂಗಳ ನೋಟಿಸ್ ಕೊಟ್ಟು ಕರಾರು ರದ್ದುಪಡಿಸಬಹುದು” ಎಂದಿದ್ದರೆ, ನೋಟಿಸ್ ಕೊಟ್ಟು ಹೊರಟವರು ಕರಾರು ಮುರಿದಿಲ್ಲ ಎಂದು ವಾದಿಸಲು ಗಟ್ಟಿ ಆಧಾರವಿದೆ. ಅದೇ ವಾಕ್ಯ “ಲಾಕ್-ಇನ್ ಅವಧಿ ಮುಗಿದ ನಂತರ” ಎಂದು ಶುರುವಾಗಿದ್ದರೆ ಆ ಆಧಾರ ಇಲ್ಲ. ಹಾಗಾಗಿ ಲಾಕ್-ಇನ್ ಷರತ್ತಿನ ಫೋಟೊ ಒಂದನ್ನೇ ಕಳಿಸಿದರೂ ಸಾಲದು.

ಕಾಗದದಲ್ಲಿ ಬರೆದದ್ದೇ ಕೊನೆಯ ಮಾತೂ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರು ಮುರಿದರೆ ಇಷ್ಟು ಕೊಡಬೇಕೆಂದು ಮೊದಲೇ ಬರೆದುಕೊಂಡಿದ್ದರೆ ಆ ಮೊತ್ತ ಒಂದು ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರ. ನಷ್ಟವನ್ನು ಲೆಕ್ಕ ಹಾಕಿ ತೋರಿಸಬಹುದಾದ ಕಡೆ ಅದನ್ನು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಹೇಳಿದೆ. ಮುಂದಿನ ತಿಂಗಳೇ ಮನೆಗೆ ಹೊಸಬರು ಬಂದಿದ್ದರೆ, ನಾಲ್ಕು ತಿಂಗಳ ಬಾಡಿಗೆ ನಷ್ಟವಾಯಿತೆಂದು ಮಾಲೀಕರು ತೋರಿಸುವುದು ಕಷ್ಟ. ಮನೆ ಎಷ್ಟು ದಿನ ಖಾಲಿ ಇತ್ತು ಎಂಬುದು ಕರಾರಿನಲ್ಲಿ ಇರುವುದಿಲ್ಲ. ಅದನ್ನು ಕೇಳುವವರೇ ಹೇಳಬೇಕು.

ಕೇಳುವವರು ಮಾಲೀಕರಾದರೆ

ಇದೇ ಮನೆಯ ಮಾಲೀಕರು, “ಮಗಳ ಸಂಸಾರ ಇಲ್ಲಿಗೆ ಬರುತ್ತಿದೆ, ಏಳು ತಿಂಗಳಿಗೇ ಬಿಡಿಸಬಹುದಾ?” ಎಂದು ಕೇಳಿದರೆ ಅದೇ ಷರತ್ತನ್ನು ಇನ್ನೊಂದು ಬದಿಯಿಂದ ಓದಬೇಕಾಗುತ್ತದೆ. “ಉಭಯ ಪಕ್ಷದವರು” ಎಂದಿದ್ದರೆ ಲಾಕ್-ಇನ್ ಅವರನ್ನೂ ಕಟ್ಟಿಹಾಕುತ್ತದೆ. “ಬಾಡಿಗೆದಾರರು” ಎಂದಷ್ಟೇ ಇದ್ದರೆ, ಮಾಲೀಕರಿಗೆ ಯಾವ ನೋಟಿಸ್ ಷರತ್ತು ಇದೆ ಎಂದು ಹುಡುಕಬೇಕು. ಬಾಡಿಗೆದಾರರಿಗೆ ಹೇಳಿದ ಉತ್ತರವನ್ನು ಮಾಲೀಕರು ತಮಗೂ ಸರಿ ಎಂದುಕೊಂಡರೆ ನೋಟಿಸನ್ನೇ ತಪ್ಪಾಗಿ ಕೊಟ್ಟಾರು.

ಕೊಳ್ಳುವವರು, ಕೆಲಸಕ್ಕಿರುವವರು

ಸೈಟು ಅಥವಾ ಮನೆ ಕೊಳ್ಳಲು ಹೊರಟವರ ಕರಾರಿನಲ್ಲಿ ಮೊದಲು ನೋಡಬೇಕಾದದ್ದು ಕೊಟ್ಟ ಹಣವನ್ನು ಏನೆಂದು ಬರೆದಿದ್ದಾರೆ ಎಂಬುದು. ಕರಾರು ಪೂರೈಸುವ ಖಾತ್ರಿಗಾಗಿ ಕೊಟ್ಟ ಸಂಚಕಾರವಾದರೆ, ಅದು ಮುಟ್ಟುಗೋಲಾಗುತ್ತದೆಂಬ ಷರತ್ತು ಸ್ಪಷ್ಟವಾಗಿದ್ದು, ಕೊಳ್ಳುವವರೇ ಹಿಂದೆ ಸರಿದರೆ ಮಾರುವವರು ಅದನ್ನು ಇಟ್ಟುಕೊಳ್ಳಬಹುದು. ಬೆಲೆಯ ಒಂದು ಭಾಗವೆಂದಷ್ಟೇ ಕೊಟ್ಟ ಹಣಕ್ಕೆ ಈ ನಿಯಮ ಸಲ್ಲದು. 2012ರ ಸತೀಶ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆದಿದೆ. ಕಾಗದಪತ್ರ ಸರಿಯಿಲ್ಲದೆ ವ್ಯವಹಾರ ಮುರಿದಿದ್ದರೆ ಪ್ರಶ್ನೆಯೇ ಬೇರೆ. ಮಾರುವವರು ಬಿಲ್ಡರ್ ಆಗಿದ್ದರೆ 2016ರ ರೇರಾ ಕಾಯ್ದೆಯೂ ಬರುತ್ತದೆ. ನೋಂದಾಯಿತ ಮಾರಾಟ ಕರಾರು ಮಾಡಿಕೊಳ್ಳದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ಪಡೆಯುವಂತಿಲ್ಲ ಎನ್ನುತ್ತದೆ ಅದರ 13ನೇ ಕಲಂ.

ನೌಕರಿಯವರಿಗೆ ಲಾಕ್-ಇನ್ ಎಂದರೆ ಬಾಂಡ್. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕು ಬಹಿರಂಗ ಪರೀಕ್ಷೆ ನಡೆಸಿಯೇ ಮತ್ತೊಬ್ಬರನ್ನು ತರಬೇಕು, ಅದಕ್ಕೆ ಸಮಯ, ಹಣ ಎರಡೂ ಬೇಕು ಎಂಬುದು ಆ ತೀರ್ಪಿನ ಒಂದು ಕಾರಣ. ತರಬೇತಿಯನ್ನೇ ಕೊಡದ ಖಾಸಗಿ ಕಂಪನಿಯ ಬಾಂಡಿಗೆ ಅದು ಹಾಗೆಯೇ ಅನ್ವಯಿಸುತ್ತದೆ ಎನ್ನಲಾಗದು. ಇನ್ನು ಷರತ್ತು ಇರುವುದು ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿ ಸೇರಬಾರದು ಎಂದಾದರೆ ಕರಾರು ಕಾಯ್ದೆಯ 27ನೇ ಕಲಂ ಬರುತ್ತದೆ. ಅಂಥ ನಿರ್ಬಂಧ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಎರಡನ್ನೂ “ಬಾಂಡ್” ಎಂದೇ ಕರೆದು ಕೇಳಿದರೆ ಉತ್ತರ ಯಾವುದಕ್ಕೆ ಎಂದು ತಿಳಿಯುವುದಿಲ್ಲ.

ಹಾಗಾದರೆ ಹೇಗೆ ಕೇಳಬೇಕು?

ಹೀಗೆ ಬರೆದು ಕಳಿಸಿ:

“ನಾನು ಬಾಡಿಗೆದಾರ. ಸಹಿ ಆಗಿದೆ. ಜೂನ್ 1ರಿಂದ ಹನ್ನೊಂದು ತಿಂಗಳು. ಬಾಡಿಗೆ 25,000, ಅಡ್ವಾನ್ಸ್ 1,50,000 ಬ್ಯಾಂಕ್ ಮೂಲಕ ಕೊಟ್ಟಿದ್ದೇನೆ. ಡಿಸೆಂಬರ್ 31ಕ್ಕೆ ಖಾಲಿ ಮಾಡಬೇಕಿದೆ. ನೋಟಿಸ್ ಇನ್ನೂ ಕೊಟ್ಟಿಲ್ಲ. ಕರಾರಿನ ಎಲ್ಲ ಪುಟಗಳ ಫೋಟೊ ಇದೆ. ಲಾಕ್-ಇನ್ 4ನೇ ಷರತ್ತು, ನೋಟಿಸ್ 9ನೇ ಷರತ್ತು. ಎಷ್ಟು ಹಣ ವಾಪಸ್ ಕೇಳಬಹುದು?”

ಎಲ್ಲ ಪುಟ ಎಂದರೆ ಹಿಂಬದಿ, ಅನುಬಂಧ, ಕೈಬರಹದಲ್ಲಿ ಸೇರಿಸಿದ ಸಾಲು ಎಲ್ಲವೂ. “ಈ ಕರಾರಿನಲ್ಲಿ ಬೇರೆ ಏನೇ ಇದ್ದರೂ” ಎಂದು ಶುರುವಾಗುವ ಷರತ್ತು ಉಳಿದವುಗಳನ್ನು ಬದಿಗೆ ಸರಿಸುತ್ತದೆ. ಅದು ಕೊನೆಯ ಪುಟದಲ್ಲೂ ಇರಬಹುದು. ಷರತ್ತನ್ನು ನಿಮ್ಮ ಮಾತಿನಲ್ಲಿ ಹೇಳಬೇಡಿ, ಇದ್ದ ಹಾಗೆಯೇ ಕಳಿಸಿ. ಪರಿಚಯದವರಿಗೆ ಕಳಿಸುವುದಾದರೆ ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಮುಚ್ಚಿ. ಹೆಸರು ಮುಚ್ಚಿದರೆ ಆ ಜಾಗದಲ್ಲಿ “ಮಾಲೀಕ”, “ಬಾಡಿಗೆದಾರ” ಎಂದು ಬರೆಯಿರಿ.

ಸಹಿ ಆಗಿದೆಯೇ ಇಲ್ಲವೇ ಎಂಬುದನ್ನು ತಪ್ಪದೆ ತಿಳಿಸಿ. ಸಹಿ ಆದ ಮೇಲೆ ಇರುವ ವಾಕ್ಯಕ್ಕೇ ಅರ್ಥ ಹುಡುಕಬೇಕು. ಆಗಿಲ್ಲವಾದರೆ ವಾಕ್ಯವನ್ನೇ ಬದಲಾಯಿಸಲು ಕೇಳಬಹುದು. ಮೇಲಿನ ಬಾಡಿಗೆದಾರರು ಸಹಿಗೆ ಮುಂಚೆ ಬಂದಿದ್ದರೆ ಸಲಹೆ ಒಂದೇ ಸಾಲಿನದು: “ಉದ್ಯೋಗದಲ್ಲಿ ವರ್ಗವಾದಲ್ಲಿ ಒಂದು ತಿಂಗಳ ನೋಟಿಸ್ ಕೊಟ್ಟು ಲಾಕ್-ಇನ್ ಅವಧಿಯಲ್ಲೂ ಖಾಲಿ ಮಾಡಬಹುದು, ಬೇರೆ ಕಡಿತವಿರುವುದಿಲ್ಲ” ಎಂದು ಸೇರಿಸಿ, ಇಬ್ಬರೂ ಸಹಿ ಮಾಡಿ.