ನೆರಳಲ್ಲೂ ಗುರುತು ಸಿಗಬೇಕು

1997ರಲ್ಲಿ ಬಿಬಿಸಿಯಲ್ಲಿ ಶುರುವಾದ 'ಟೆಲಿಟಬ್ಬೀಸ್' ಸರಣಿಯ ನಾಲ್ವರ ಮೈಕಟ್ಟು ಹೆಚ್ಚುಕಡಿಮೆ ಒಂದೇ. ದುಂಡು ಮುಖ, ಡೊಳ್ಳು ಹೊಟ್ಟೆ, ಗಿಡ್ಡ ಕಾಲು. ಆದರೂ ಯಾರು ಯಾರೆಂಬ ಗೊಂದಲ ಹುಟ್ಟುವುದಿಲ್ಲ. ನೇರಳೆ ಬಣ್ಣದ ಟಿಂಕಿ ವಿಂಕಿಯ ತಲೆಯ ಮೇಲೆ ತ್ರಿಕೋನ, ಹಸಿರು ಡಿಪ್ಸಿಗೆ ನೆಟ್ಟಗಿನ ಕಡ್ಡಿ, ಹಳದಿ ಲಾ-ಲಾಗೆ ಸುರುಳಿ, ಕೆಂಪು ಪೋಗೆ ವೃತ್ತ. ಟಿಂಕಿ ವಿಂಕಿ ಎಲ್ಲರಿಗಿಂತ ಎತ್ತರ, ಪೋ ಎಲ್ಲರಿಗಿಂತ ಗಿಡ್ಡ. ಬಣ್ಣವನ್ನು ತೆಗೆದುಹಾಕಿದರೂ ತಲೆಯ ಆಕಾರ ಉಳಿಯುತ್ತದೆ. ಮಕ್ಕಳ ಸರಣಿಗೆ ಪಾತ್ರಗಳನ್ನು ಒಂದೊಂದಾಗಿ ಚೆಂದ ಮಾಡುತ್ತ ಕೂರುವವರು ಮರೆಯುವುದು ಇದನ್ನೇ. ಮೊದಲು ರೂಪಿಸಬೇಕಾದದ್ದು ಪಾತ್ರಗಳ ನಡುವಿನ ವ್ಯತ್ಯಾಸ.

ವೃತ್ತ ಮೃದು, ಚೌಕ ಗಟ್ಟಿ, ತ್ರಿಕೋನ ಚುರುಕು ಎಂಬುದು ಚಿತ್ರಕಾರರ ರೂಢಿಯ ಮಾತು. ಪಿಕ್ಸಾರ್‌ನ 'ಅಪ್' (2009) ಚಿತ್ರದ ಹಠಮಾರಿ ಮುದುಕ ಕಾರ್ಲ್‌ನ ತಲೆಯೂ ಕನ್ನಡಕವೂ ಚೌಕ. ಅವನ ಬೆನ್ನು ಬೀಳುವ ಹುಡುಗ ರಸೆಲ್ ಮೊಟ್ಟೆಯಾಕಾರ. ಇದು ರೂಢಿಯೇ ಹೊರತು ನಿಯಮವಲ್ಲ. ಕೇಡಿಗರೆಲ್ಲ ಚೂಪು, ಒಳ್ಳೆಯವರೆಲ್ಲ ದುಂಡು ಎಂದು ಹಂಚಿಬಿಟ್ಟರೆ ಕತೆ ಮೊದಲ ಪುಟದಲ್ಲೇ ಬಯಲಾಗುತ್ತದೆ.

ಕೆರೆ ದಂಡೆಯ ನಾಲ್ವರು ಗೆಳೆಯರ ಚಿತ್ರಪುಸ್ತಕ ಸರಣಿಯೊಂದನ್ನು ಯೋಚಿಸೋಣ: ಆಮೆ, ಏಡಿ, ನೀರುನಾಯಿ, ಬೆಳ್ಳಕ್ಕಿ. ಪೆನ್ಸಿಲ್‌ನಲ್ಲಿ ನಾಲ್ವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಳಗೆಲ್ಲ ಕಪ್ಪು ತುಂಬಬೇಕು. ಕಣ್ಣು, ಮೂಗು, ಗೆರೆ ಏನೂ ಕಾಣಬಾರದು. ಈಗ ಎಡವಟ್ಟು ಕಾಣುತ್ತದೆ: ಆಮೆಯೂ ಏಡಿಯೂ ನೆಲಕ್ಕೆ ಅಂಟಿದ ಎರಡು ಗುಡ್ಡೆಗಳು. ಆಮೆಯ ಚಿಪ್ಪನ್ನು ಎತ್ತರಿಸಿ ಅರ್ಧವೃತ್ತ ಮಾಡಬಹುದು. ಏಡಿಯನ್ನು ತಲೆಕೆಳಗಾದ ತ್ರಿಕೋನವಾಗಿಸಿ, ಕೊಂಡಿಗಳನ್ನು ಸದಾ ಮೇಲಕ್ಕೆತ್ತಿಸಬಹುದು. ನೀರುನಾಯಿ ಮೂಲೆ ಸವೆದ ಉದ್ದನೆಯ ಆಯತ. ಬೆಳ್ಳಕ್ಕಿ ಬರೀ ಕಾಲು, ಕತ್ತು, ಕೊಕ್ಕು. ಮತ್ತೆ ಕಪ್ಪು ತುಂಬಿ, ಹಾಳೆಯನ್ನು ಗೋಡೆಗೆ ಅಂಟಿಸಿ, ಕೋಣೆಯ ಆಚೆ ತುದಿಯಿಂದ ನೋಡಬೇಕು. ಅಲ್ಲಿಂದಲೂ ನಾಲ್ವರೂ ಬೇರೆಬೇರೆಯಾಗಿ ಕಂಡರೆ ಬಣ್ಣಕ್ಕೆ ಕೈ ಹಾಕಬಹುದು.

ಆಮೆಗೆ ಹಸಿರು ಎಂದು ಕೈ ತಾನಾಗಿ ಹೋಗುತ್ತದೆ. ಆದರೆ ಕೆರೆ, ಗದ್ದೆ, ಜೊಂಡು ಎಲ್ಲವೂ ಹಸಿರಾದ ಪುಟದಲ್ಲಿ ಹಸಿರು ಆಮೆ ಕಣ್ಮರೆಯಾಗುತ್ತದೆ. ಆದ್ದರಿಂದ ಚಿಪ್ಪಿಗೆ ಸಾಸಿವೆ ಹಳದಿ, ಏಡಿಗೆ ಕೆಂಪು, ನೀರುನಾಯಿಗೆ ಕಂದು. ಬೆಳ್ಳಕ್ಕಿ ಹೇಗೂ ಬಿಳಿ. ಈ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿದರೆ ಎರಡನೇ ಎಡವಟ್ಟು ಹೊರಬೀಳುತ್ತದೆ. ಬಣ್ಣದಲ್ಲಿ ಅಷ್ಟು ಬೇರೆಯಾಗಿದ್ದ ಕೆಂಪು ಮತ್ತು ಕಂದು ಒಂದೇ ಬೂದಿಯಾಗಿಬಿಡುತ್ತವೆ. ಏಡಿಯನ್ನು ತಿಳಿಯಾಗಿಸಿದರೆ ಅದು ಕಿತ್ತಳೆಯತ್ತ ಸರಿದು ಆಮೆಯ ಹಳದಿಯ ಹತ್ತಿರ ಬರುತ್ತದೆ. ನೀರುನಾಯಿಯನ್ನೇ ಕಾಫಿ ಡಿಕಾಕ್ಷನ್‌ನಷ್ಟು ಗಾಢ ಮಾಡುವುದು ಸರಿಯಾದ ದಾರಿ. ಆಗ ಬಿಳಿ, ತಿಳಿ, ನಡು, ಗಾಢ ಎಂದು ನಾಲ್ಕು ಮೆಟ್ಟಿಲು ಸಿಗುತ್ತವೆ. ಕೆಂಪು-ಹಸಿರಿನ ವ್ಯತ್ಯಾಸ ಕಾಣದ ಮಕ್ಕಳೂ (ಹುಡುಗರಲ್ಲಿ ಇದು ಹೆಚ್ಚು) ಈ ಮೆಟ್ಟಿಲುಗಳಿಂದ ಪಾತ್ರಗಳನ್ನು ಗುರುತಿಸಬಲ್ಲರು. ಬಿಳಿ ಕಾಗದದಲ್ಲಿ ಬೆಳ್ಳಕ್ಕಿ ಕರಗಿಹೋಗದಂತೆ ಅದರ ಹಿಂದೆ ಯಾವಾಗಲೂ ಒಂದಿಷ್ಟು ಬಣ್ಣದ ಹಿನ್ನೆಲೆ ಇರಲಿ. ಏಡಿಯ ಕೆಂಪು ಏಡಿಗೇ ಮೀಸಲು. ಅದೇ ಕೆಂಪು ಪಕ್ಕದ ಕೊಡೆಯಲ್ಲೋ ಹೂವಿನಲ್ಲೋ ಬಂದರೆ ಮಗುವಿನ ಕಣ್ಣು ಅತ್ತ ಓಡುತ್ತದೆ.

ಇಷ್ಟೆಲ್ಲ ಬೇರೆಯಾದವರು ಒಂದೇ ಊರಿನವರೆನಿಸಬೇಕಲ್ಲ? ಅದಕ್ಕೆ ಎರಡು ಸಾಮ್ಯ ಸಾಕು: ನಾಲ್ವರಿಗೂ ಒಂದೇ ಬಗೆಯ ಚುಕ್ಕಿಕಣ್ಣು, ಒಂದೇ ದಪ್ಪದ ಗೆರೆ.

ಇಷ್ಟಾದ ಮೇಲೆ ಪ್ರತಿ ಪಾತ್ರಕ್ಕೂ ಮಾಡೆಲ್ ಶೀಟ್ ಎಂಬ ಹಾಳೆ ತಯಾರಾಗುತ್ತದೆ. ಮುಂದಿನಿಂದ, ಓರೆಯಾಗಿ, ಪಕ್ಕದಿಂದ, ಹಿಂದಿನಿಂದ ಪಾತ್ರ ಹೇಗೆ ಕಾಣುತ್ತದೆಂಬ ಚಿತ್ರಗಳು ಅದರಲ್ಲಿರುತ್ತವೆ. ಅಳತೆಯನ್ನು ತಲೆಯ ಲೆಕ್ಕದಲ್ಲಿ ಬರೆಯುತ್ತಾರೆ: ನೀರುನಾಯಿಯ ಎತ್ತರ ಮೂರು ತಲೆ, ಆಮೆ ಅದರ ಎದೆಮಟ್ಟ, ಹೀಗೆ. ಬಣ್ಣಗಳನ್ನು ಮುದ್ರಣದ ನಾಲ್ಕು ಶಾಯಿಗಳ ಶೇಕಡಾ ಲೆಕ್ಕದಲ್ಲಿ ನಮೂದಿಸಬೇಕು, ಏಕೆಂದರೆ ಪರದೆಯ ಮೇಲೆ ಹೊಳೆಯುವ ಕಿತ್ತಳೆ, ಹಸಿರುಗಳು ಕಾಗದಕ್ಕಿಳಿದಾಗ ಮಂಕಾಗುತ್ತವೆ. ರಾತ್ರಿಯ ದೃಶ್ಯಕ್ಕೆ ಪ್ರತ್ಯೇಕ ಬಣ್ಣಪಟ್ಟಿ ಬೇಕು. ಇಲ್ಲದಿದ್ದರೆ ಕೆಂಪು ಏಡಿ ಕತ್ತಲಲ್ಲಿ ಬರೀ ಕಪ್ಪು ಮುದ್ದೆಯಾಗುತ್ತದೆ.

ಸರಣಿಯ ಮೂರನೆಯ ಪುಸ್ತಕದ ಹೊತ್ತಿಗೆ ತಲೆಗಳು ಊದಿಕೊಳ್ಳುವುದು, ಕತ್ತು ಗಿಡ್ಡವಾಗುವುದು ಮಾಮೂಲು. ಹಿಂದಿನ ಪುಸ್ತಕದ ಚಿತ್ರ ನೋಡಿ ಬರೆದಾಗ ಅದರಲ್ಲಿದ್ದ ಸಣ್ಣ ತಪ್ಪು ಹೊಸದರಲ್ಲಿ ದೊಡ್ಡದಾಗುತ್ತದೆ. ಹೊಸ ಚಿತ್ರಕಾರರು ಬಂದಾಗ ಅವರ ಕೈಗೆ ಹಳೆಯ ಪುಸ್ತಕವನ್ನಲ್ಲ, ಮಾಡೆಲ್ ಶೀಟನ್ನು ಕೊಡಿ.