ಜೇನುತುಪ್ಪಕ್ಕೆ ಎಷ್ಟು ಅಂಕ?

‘ಎಂಟು ತಿಂಗಳ ಮಗುವಿಗೆ ಕೆಮ್ಮು. ಮನೆಮದ್ದು ಏನಾದರೂ ಇದೆಯೇ?’ ಎಂದು ತಾಯಿಯೊಬ್ಬಳು ಚಾಟ್‌ಬಾಟನ್ನು ಕೇಳಿದಳು ಎಂದುಕೊಳ್ಳೋಣ. ತುಳಸಿ ರಸದಲ್ಲಿ ಅರ್ಧ ಚಮಚ ಜೇನುತುಪ್ಪ ಕಲಸಿ ನೆಕ್ಕಿಸಿ, ಮಗುವನ್ನು ಬೆಚ್ಚಗಿಡಿ, ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಬಂತು.

ಈ ಉತ್ತರಕ್ಕೆ ಐದರಲ್ಲಿ ಎಷ್ಟು ಅಂಕ? ಒಬ್ಬ ಮೌಲ್ಯಮಾಪಕಿ ನಾಲ್ಕು ಕೊಡುತ್ತಾಳೆ: ಭಾಷೆ ಸರಳವಾಗಿದೆ, ಅಜ್ಜಿ ಹೇಳುತ್ತಿದ್ದುದೂ ಇದನ್ನೇ. ಇನ್ನೊಬ್ಬ ಒಂದೇ ಅಂಕ ಕೊಡುತ್ತಾನೆ. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ಬೊಟುಲಿಸಂ ಎಂಬ, ಅಪರೂಪವಾದರೂ ಪ್ರಾಣಕ್ಕೇ ಕುತ್ತು ತರುವ ಕಾಯಿಲೆ ಬರಬಹುದು ಎಂಬುದು ಅವನಿಗೆ ಗೊತ್ತು. ಸರಾಸರಿ ತೆಗೆದರೆ ಎರಡೂವರೆ. ಆ ಎರಡೂವರೆಯನ್ನು ನೋಡಿದ ಯಾರಿಗೂ ಇಲ್ಲಿ ಅಪಾಯವಿತ್ತೆಂದು ತಿಳಿಯುವುದಿಲ್ಲ.

ತಪ್ಪು ಇರುವುದು ಪ್ರಶ್ನೆಯಲ್ಲಿ. ‘ಉತ್ತರ ಎಷ್ಟು ಚೆನ್ನಾಗಿದೆ’ ಎಂದು ಕೇಳಿದರೆ ಒಬ್ಬರು ಭಾಷೆಯನ್ನು ಅಳೆಯುತ್ತಾರೆ, ಇನ್ನೊಬ್ಬರು ಸತ್ಯವನ್ನು. ಹಾಗಾಗಿ ರೂಬ್ರಿಕ್, ಅಂದರೆ ಅಂಕ ಕೊಡುವ ನಿಯಮಪಟ್ಟಿ, ಮೊದಲು ಇವನ್ನು ಬೇರ್ಪಡಿಸಬೇಕು. ಮಾಹಿತಿ ಸರಿಯೇ, ಕೇಳಿದ್ದಕ್ಕೆ ಪೂರ್ತಿ ಉತ್ತರವಿದೆಯೇ, ಭಾಷೆ ಅರ್ಥವಾಗುತ್ತದೆಯೇ, ಅಪಾಯವಿದೆಯೇ ಎಂದು ಒಂದೊಂದಕ್ಕೂ ಪ್ರತ್ಯೇಕ ಅಂಕ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸವೇನೆಂದು ಉದಾಹರಣೆ ಸಮೇತ ಬರೆದಿಡಬೇಕು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರಿಗೆ ಯಾವ ಹಂತಕ್ಕೆ ಎಷ್ಟು ಅಂಕವೆಂದು ಮೊದಲೇ ಬರೆದುಕೊಟ್ಟಿರುವುದಿಲ್ಲವೇ, ಹಾಗೆ.

ನಿಯಮ ಬರೆದಾಯಿತು. ಎಲ್ಲರೂ ಅದನ್ನು ಒಂದೇ ರೀತಿ ಓದಿಕೊಂಡರೇ ಎಂದು ತಿಳಿಯಲು ಇಬ್ಬರಿಗೆ ಅವೇ 100 ಉತ್ತರಗಳನ್ನು ಕೊಟ್ಟು, ಪರಸ್ಪರ ಮಾತಾಡದಂತೆ ನೋಡಿಕೊಳ್ಳಬೇಕು. ‘ಅಪಾಯವಿದೆಯೇ’ ಎಂಬ ಒಂದೇ ಪ್ರಶ್ನೆಯನ್ನು ತೆಗೆದುಕೊಂಡು ಲೆಕ್ಕ ಹಾಕೋಣ. 88 ಉತ್ತರಗಳಿಗೆ ಇಬ್ಬರೂ ‘ಇಲ್ಲ’ ಎಂದರು, 2ಕ್ಕೆ ಇಬ್ಬರೂ ‘ಇದೆ’ ಎಂದರು. ಉಳಿದ 10ರಲ್ಲಿ ಐದನ್ನು ಒಬ್ಬಳು ಮಾತ್ರ, ಐದನ್ನು ಇನ್ನೊಬ್ಬ ಮಾತ್ರ ಅಪಾಯಕಾರಿ ಎಂದರು. ನೂರಕ್ಕೆ ತೊಂಬತ್ತು ಹೊಂದಾಣಿಕೆ! ಕೇಳಲು ಹಿತವಾಗಿದೆ.

ಆದರೆ ಇಬ್ಬರೂ ಸುಮಾರು 93 ಸಲ ‘ಇಲ್ಲ’ ಎಂದವರೇ. ಉತ್ತರವನ್ನು ಓದದೆ, ಕಣ್ಣುಮುಚ್ಚಿ ಅದೇ ಪ್ರಮಾಣದಲ್ಲಿ ಗುರುತು ಹಾಕಿದ್ದರೂ 87 ಕಡೆ ತಾನಾಗಿಯೇ ಹೊಂದಿಕೆಯಾಗುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೊಹೆನ್ 1960ರಲ್ಲಿ ಈ ಆಕಸ್ಮಿಕದ ಪಾಲನ್ನು ಕಳೆಯುವ ಸೂತ್ರ ಕೊಟ್ಟರು. ಅದರ ಹೆಸರು ಕಪ್ಪಾ. ಆಕಸ್ಮಿಕವನ್ನು ಬಿಟ್ಟರೆ ಗಳಿಸಲು ಉಳಿದಿದ್ದು 13, ಈ ಇಬ್ಬರು ಗಳಿಸಿದ್ದು 3. ಮೂರನ್ನು ಹದಿಮೂರರಿಂದ ಭಾಗಿಸಿದರೆ ಕಪ್ಪಾ 0.23. ಪೂರ್ಣ ಒಮ್ಮತಕ್ಕೆ 1, ಬರೀ ಆಕಸ್ಮಿಕಕ್ಕೆ 0 ಎಂಬ ಅಳತೆಯಲ್ಲಿ ಇದು ತೀರಾ ಕಡಿಮೆ. ‘ಇದೆ’ ಎಂಬ ಉತ್ತರ ಅಪರೂಪವಾದಾಗ ಕಪ್ಪಾ ಸುಲಭವಾಗಿ ಕುಸಿಯುತ್ತದೆ ಎಂಬುದು ನಿಜ. ಹಾಗಾಗಿ ಅಂಕಿಯನ್ನು ನೋಡಿ ಸುಮ್ಮನಾಗದೆ, ಜಗಳವಾದ ಆ 10 ಉತ್ತರಗಳನ್ನು ಮುಂದಿಟ್ಟುಕೊಂಡು ಕೂರಬೇಕು.

ನಿಜವಾದ ಕೆಲಸ ನಡೆಯುವುದು ಅಲ್ಲಿಯೇ. ಕೊನೆಯಲ್ಲಿ ‘ವೈದ್ಯರಿಗೆ ತೋರಿಸಿ’ ಎಂಬ ಸಾಲಿದ್ದರೆ ಅಪಾಯ ಕಳೆಯಿತು ಎಂದು ಒಬ್ಬಳು ತಿಳಿದಿದ್ದಳು. ಇನ್ನೊಬ್ಬ ಹಾಗೆ ತಿಳಿದಿರಲಿಲ್ಲ. ನಿಯಮಪಟ್ಟಿ ಆ ಬಗ್ಗೆ ಏನೂ ಹೇಳಿರಲಿಲ್ಲ. ಈಗ ಒಂದು ವಾಕ್ಯ ಸೇರುತ್ತದೆ: ‘ಸಲಹೆಯನ್ನು ಹೇಳಿದಂತೆಯೇ ಪಾಲಿಸಿದರೆ ಹಾನಿಯಾಗುವುದಾದರೆ, ಎಚ್ಚರಿಕೆಯ ಸಾಲು ಇದ್ದರೂ ಅಪಾಯವೆಂದೇ ಗುರುತಿಸಿ.’ ಪಕ್ಕದಲ್ಲೇ ಜೇನುತುಪ್ಪದ ಉದಾಹರಣೆ. ನಂತರ ಹೊಸ 100 ಉತ್ತರ. ಹಳೆಯವನ್ನೇ ಕೊಟ್ಟರೆ ನೆನಪು ಕೆಲಸ ಮಾಡುತ್ತದೆ. ಈ ಸಲ ಒಪ್ಪಿಗೆ 97, ಅದರಲ್ಲಿ ಆಕಸ್ಮಿಕದ ಪಾಲು 86 ಎಂದಾದರೆ ಕಪ್ಪಾ 0.79. ಒಪ್ಪಿಗೆ ಹೆಚ್ಚಿದ್ದು ಏಳೇ ಅಂಕ, ಕಪ್ಪಾ ಮಾತ್ರ ಮೂರು ಪಟ್ಟಿಗಿಂತ ಹೆಚ್ಚಾಯಿತು.

ಎಲ್ಲ ಭಿನ್ನಾಭಿಪ್ರಾಯವೂ ಹೀಗೆ ಕರಗುವುದಿಲ್ಲ. ಓಪನ್‌ಎಐ 2022ರಲ್ಲಿ ಪ್ರಕಟಿಸಿದ ಇನ್‌ಸ್ಟ್ರಕ್ಟ್‌ಜಿಪಿಟಿ ಅಧ್ಯಯನದಲ್ಲಿ ಪರೀಕ್ಷೆ ನಡೆಸಿ ಆರಿಸಿದ ಸುಮಾರು 40 ಮಂದಿ ಇದ್ದರು. ಉತ್ತರಗಳಲ್ಲಿ ಯಾವುದು ಮೇಲು ಎಂಬ ಬಗ್ಗೆ ತರಬೇತಿ ಪಡೆದ ಮೌಲ್ಯಮಾಪಕರ ನಡುವೆ ಒಮ್ಮತ ಬಂದದ್ದು ನೂರಕ್ಕೆ ಸುಮಾರು 73 ಸಲ. ಚಿಕ್ಕ ಉತ್ತರ ಒಬ್ಬರಿಗೆ ಹಿಡಿಸಿದರೆ ವಿವರವಾದದ್ದು ಇನ್ನೊಬ್ಬರಿಗೆ ಹಿಡಿಸುತ್ತದೆ. ಅಭಿರುಚಿಯ ಇಂಥ ಭೇದವನ್ನು ನಿಯಮ ಹೇರಿ ಅಳಿಸುವುದಕ್ಕಿಂತ ದಾಖಲಿಸಿಡುವುದೇ ಪ್ರಾಮಾಣಿಕ ಮಾರ್ಗ.

ಇನ್ನೊಂದು ಗುಂಡಿಯನ್ನು ಕಪ್ಪಾ ತೋರಿಸಲಾರದು. ಜೇನುತುಪ್ಪದ ವಿಷಯ ಇಬ್ಬರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಒಂದೇ ದನಿಯಲ್ಲಿ ‘ಅಪಾಯವಿಲ್ಲ’ ಎನ್ನುತ್ತಾರೆ, ಒಮ್ಮತದ ಅಂಕ ಮೇಲೇರುತ್ತದೆ. ಅದಕ್ಕಾಗಿಯೇ ಮಕ್ಕಳ ವೈದ್ಯರು ಮೊದಲೇ ತೀರ್ಪು ಕೊಟ್ಟಿರುವ ಕೆಲವು ಉತ್ತರಗಳನ್ನು, ಯಾರಿಗೂ ಹೇಳದೆ, ಪ್ರತಿ ಕಂತಿನಲ್ಲೂ ಬೆರೆಸಿಡುತ್ತಾರೆ.