ಡಾಲರ್ ಅನ್ನಿಸಿಕೊಂಡ ನಾಣ್ಯ 30 ಸೆಂಟ್‌ಗೆ ಇಳಿದ ವಾರ

ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯಗಳ ಬೆಲೆ ಬೆಳಗ್ಗೆ ಒಂದಿದ್ದರೆ ಸಂಜೆಗೆ ಇನ್ನೊಂದು. ಆ ಏರಿಳಿತ ಬೇಡ ಅನ್ನುವವರಿಗಾಗಿ ಬಂದದ್ದು ಸ್ಟೇಬಲ್‌ಕಾಯಿನ್. ಒಂದು ನಾಣ್ಯಕ್ಕೆ ಯಾವತ್ತೂ ಒಂದು ಡಾಲರ್ ಎಂಬುದು ಅದರ ಮಾತು. ಆದರೆ ಮಾತು ಕೊಟ್ಟ ಮಾತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವುದು ಲಾಭಕ್ಕಾಗಿ ಕಾದು ಕುಳಿತ ವ್ಯಾಪಾರಿಗಳು.

ಸರ್ಕಲ್ ಕಂಪನಿಯ ಯುಎಸ್‌ಡಿಸಿ ನಾಣ್ಯವನ್ನೇ ನೋಡಿ. ಯಾರಾದರೂ ಒಂದು ಡಾಲರ್ ಕೊಟ್ಟರೆ ಕಂಪನಿ ಒಂದು ನಾಣ್ಯ ಸೃಷ್ಟಿಸುತ್ತದೆ. ಆ ಡಾಲರನ್ನು ಬ್ಯಾಂಕಿನಲ್ಲೋ ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಗಳಲ್ಲೋ ಇಡುತ್ತದೆ. ನಾಣ್ಯದ ಬೆಲೆ 98 ಸೆಂಟ್‌ಗೆ ಇಳಿದರೆ ದೊಡ್ಡ ವ್ಯಾಪಾರಿಗಳು ಅದನ್ನು ಕೊಂಡು, ಕಂಪನಿಗೆ ಮರಳಿಸಿ ಪೂರ್ತಿ ಡಾಲರ್ ಪಡೆಯುತ್ತಾರೆ. ಹಾಗೆ ಎಲ್ಲರೂ ಕೊಳ್ಳತೊಡಗಿದಾಗ ಬೆಲೆ ತಾನಾಗಿ ಮೇಲೇರುತ್ತದೆ. ಅಂದರೆ ಇಡೀ ವ್ಯವಸ್ಥೆ ನಿಂತಿರುವುದು ಕೊನೆಯಲ್ಲಿ ಕೈಗೆ ಬರುವ ಆ ಡಾಲರಿನ ಮೇಲೆ.

ದಕ್ಷಿಣ ಕೊರಿಯಾದ ಡೋ ಕ್ವಾನ್ ಸಹಸಂಸ್ಥಾಪಕರಾಗಿದ್ದ ಟೆರಾಫಾರ್ಮ್ ಲ್ಯಾಬ್ಸ್ 2020ರಲ್ಲಿ ತಂದ ಟೆರಾಯುಎಸ್‌ಡಿ, ಅಂದರೆ ಯುಎಸ್‌ಟಿಯಲ್ಲಿ, ಹಾಗೆ ಎತ್ತಿಟ್ಟ ಡಾಲರ್ ಇರಲಿಲ್ಲ. ಅದರ ಜೊತೆಗೆ ಲೂನಾ ಎಂಬ ಇನ್ನೊಂದು ನಾಣ್ಯವಿತ್ತು. ಒಂದು ಯುಎಸ್‌ಟಿ ಕೊಟ್ಟರೆ ಅದು ಅಳಿದು, ಒಂದು ಡಾಲರ್ ಬೆಲೆ ಬಾಳುವಷ್ಟು ಲೂನಾ ಹೊಸದಾಗಿ ಹುಟ್ಟುತ್ತಿತ್ತು. ವ್ಯಾಪಾರಿ ಆ ಲೂನಾವನ್ನು ಮಾರಿ ಡಾಲರ್ ಮಾಡಿಕೊಳ್ಳಬೇಕು. ಲೂನಾ ಕೊಳ್ಳುವವರು ಇರುವಷ್ಟು ದಿನ ಇದು ಸಲೀಸಾಗಿ ನಡೆಯಿತು.

ಜನ ಯುಎಸ್‌ಟಿ ಕೊಳ್ಳುತ್ತಿದ್ದುದಕ್ಕೆ ಮುಖ್ಯ ಕಾರಣ ಆಂಕರ್ ಎಂಬ ಯೋಜನೆ. ಅದರಲ್ಲಿ ಯುಎಸ್‌ಟಿ ಠೇವಣಿ ಇಟ್ಟರೆ ವರ್ಷಕ್ಕೆ ಸುಮಾರು 20 ಶೇಕಡ ಬಡ್ಡಿ. ಚಲಾವಣೆಯಲ್ಲಿದ್ದ ಸುಮಾರು 1,800 ಕೋಟಿ ಯುಎಸ್‌ಟಿಯಲ್ಲಿ ಬಹುಪಾಲು ಅಲ್ಲೇ ಇತ್ತು. ಸಾಲ ಪಡೆದವರಿಂದ ಬರುವ ಹಣ ಈ ಬಡ್ಡಿಗೆ ಸಾಲುತ್ತಿರಲಿಲ್ಲ. 2022ರ ಫೆಬ್ರವರಿಯಲ್ಲಿ ಬಡ್ಡಿ ನಿಧಿಗೆ ಹೊರಗಿನಿಂದ 45 ಕೋಟಿ ಡಾಲರ್ ತುಂಬಬೇಕಾಯಿತು. ಅಪಾಯದ ಗುರುತು ಅಲ್ಲೇ ಕಾಣುತ್ತಿತ್ತು: ಜನ ಬರುತ್ತಿದ್ದುದು ನಾಣ್ಯವನ್ನು ಬಳಸುವುದಕ್ಕಲ್ಲ, ಬಡ್ಡಿಗೆ.

2022ರ ಮೇ 7, ಶನಿವಾರ. ಕರ್ವ್ ಎಂಬ ವಿನಿಮಯ ತಾಣದಲ್ಲಿ ಒಂದೇ ಖಾತೆಯಿಂದ ಸುಮಾರು 8.5 ಕೋಟಿ ಯುಎಸ್‌ಟಿ ಮಾರಾಟವಾಯಿತು. ಬೆಲೆ 98 ಸೆಂಟ್‌ನ ಆಸುಪಾಸಿಗೆ ಜಾರಿತು. ಗಾಬರಿಯಾದ ಠೇವಣಿದಾರರು ಆಂಕರ್‌ನಿಂದ ನೂರಾರು ಕೋಟಿ ಹಿಂತೆಗೆದರು. ಸೋಮವಾರ ಬೆಲೆ 70 ಸೆಂಟ್‌ನ ಹತ್ತಿರಕ್ಕೆ, ಬುಧವಾರ 30 ಸೆಂಟ್‌ನ ಹತ್ತಿರಕ್ಕೆ ಬಿತ್ತು.

ಈ ಕುಸಿತ ಯಾಕೆ ನಿಲ್ಲಲಿಲ್ಲ ಎಂಬುದು ಒಂದು ಸಣ್ಣ ಲೆಕ್ಕದಲ್ಲಿ ತಿಳಿಯುತ್ತದೆ. ಲೂನಾ ಬೆಲೆ 80 ಡಾಲರ್ ಇದ್ದಾಗ 10 ಕೋಟಿ ಯುಎಸ್‌ಟಿ ಬಿಡಿಸಿಕೊಳ್ಳಲು 12.5 ಲಕ್ಷ ಲೂನಾ ಹುಟ್ಟಿದರೆ ಸಾಕು. ಬೆಲೆ ಒಂದು ಡಾಲರಿಗೆ ಇಳಿದರೆ ಅದೇ ಕೆಲಸಕ್ಕೆ 10 ಕೋಟಿ ಲೂನಾ ಬೇಕು. ಒಂದು ಸೆಂಟ್‌ಗೆ ಇಳಿದರೆ 1,000 ಕೋಟಿ. ಹೊಸ ಲೂನಾ ಮಾರುಕಟ್ಟೆಗೆ ಸುರಿದಷ್ಟೂ ಅದರ ಬೆಲೆ ಬೀಳುತ್ತದೆ, ಬೆಲೆ ಬಿದ್ದಷ್ಟೂ ಇನ್ನೂ ಹೆಚ್ಚು ಸುರಿಯಬೇಕಾಗುತ್ತದೆ. ಸುಮಾರು 35 ಕೋಟಿ ಇದ್ದ ಲೂನಾ ಕೆಲವೇ ದಿನಗಳಲ್ಲಿ 6.5 ಲಕ್ಷ ಕೋಟಿಗೆ ಏರಿತು. 80 ಡಾಲರ್ ಬೆಲೆಯ ನಾಣ್ಯಕ್ಕೆ ಒಂದು ಸೆಂಟ್ ಕೂಡ ಸಿಗದಂತಾಯಿತು. ಕಾವಲಿಗೆಂದು ಕೂಡಿಟ್ಟಿದ್ದ 80,000ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳಲ್ಲಿ ಕೊನೆಗೆ ಉಳಿದದ್ದು 313.

ಇದಕ್ಕೆ ವರ್ಷದ ಹಿಂದೆಯೇ, 2021ರ ಮೇನಲ್ಲಿ, ಯುಎಸ್‌ಟಿ ಒಮ್ಮೆ ಜಾರಿ ಚೇತರಿಸಿಕೊಂಡಿತ್ತು. ವ್ಯವಸ್ಥೆ ತಾನೇ ಸರಿಪಡಿಸಿಕೊಂಡಿತು ಎಂದು ಕಂಪನಿ ಹೇಳಿಕೊಂಡಿತು. ನಿಜಕ್ಕೂ ಆಗ ಒಂದು ವ್ಯಾಪಾರ ಸಂಸ್ಥೆ ಗುಟ್ಟಾಗಿ ಕೊಂಡು ಬೆಲೆ ಎತ್ತಿತ್ತು. ಆ ಮಾತು ನಂಬಿ ಉಳಿತಾಯ ಹಾಕಿದವರಿಗೆ ಇದು ನೇರ ಮೋಸ. ಡೋ ಕ್ವಾನ್ 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ನ್ಯಾಯಾಲಯದಲ್ಲಿ ವಂಚನೆಯ ತಪ್ಪು ಒಪ್ಪಿಕೊಂಡರು.

ಹಾಗಾದರೆ ನಿಜವಾದ ಡಾಲರ್ ಇಟ್ಟ ನಾಣ್ಯ ಜಾರುವುದೇ ಇಲ್ಲವೇ? 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ, ಯುಎಸ್‌ಡಿಸಿಯ ಸುಮಾರು 4,000 ಕೋಟಿ ಡಾಲರ್ ಮೀಸಲಿನಲ್ಲಿ 330 ಕೋಟಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಅಷ್ಟೂ ಹೋದರೂ ಪ್ರತಿ ನಾಣ್ಯದ ಹಿಂದೆ 92 ಸೆಂಟ್ ಉಳಿಯುತ್ತಿತ್ತು. ಆದರೂ ಮರುದಿನ ಬೆಲೆ 90 ಸೆಂಟ್‌ಗಿಂತ ಕೆಳಗೆ ಹೋಯಿತು. ವಾರಾಂತ್ಯ, ಬ್ಯಾಂಕುಗಳು ಮುಚ್ಚಿದ್ದವು, ನಾಣ್ಯ ಮರಳಿಸಿ ಡಾಲರ್ ಪಡೆಯಲು ದಾರಿ ಇರಲಿಲ್ಲ. ಬೆಲೆ ಹಿಡಿದಿಡುವ ವ್ಯಾಪಾರಿಗಳ ಕೈ ಕಟ್ಟಿತ್ತು. ಭಾನುವಾರ ಸರ್ಕಾರ ಠೇವಣಿಗಳಿಗೆಲ್ಲ ಭರವಸೆ ಕೊಟ್ಟಿತು, ಸೋಮವಾರ ನಾಣ್ಯ ಡಾಲರಿನ ಹತ್ತಿರಕ್ಕೆ ಮರಳಿತು.

2025ರ ಜುಲೈನಲ್ಲಿ ಅಮೆರಿಕ ಮಾಡಿದ ಜೀನಿಯಸ್ ಕಾಯ್ದೆಯ ಪ್ರಕಾರ ಪ್ರತಿ ನಾಣ್ಯಕ್ಕೂ ನಗದು ಅಥವಾ ಅಲ್ಪಾವಧಿ ಸಾಲಪತ್ರಗಳಂಥ ಮೀಸಲು ಇರಬೇಕು, ಅದರ ವಿವರ ಪ್ರತಿ ತಿಂಗಳು ಪ್ರಕಟವಾಗಬೇಕು. ನಾಣ್ಯ ಹೊರಡಿಸುವ ಕಂಪನಿ ಅದಕ್ಕೆ ಬಡ್ಡಿ ಕೊಡುವಂತಿಲ್ಲ. ಬ್ಯಾಂಕ್ ಠೇವಣಿಯನ್ನು ಮಾತ್ರ ಈ ಕಾಯ್ದೆ ಮೀಸಲೆಂದು ಈಗಲೂ ಒಪ್ಪುತ್ತದೆ.